ಥ್ರೋಬಾಲ್, ವಾಲಿಬಾಲ್ ಎರಡಕ್ಕೂ ಒಳಾಂಗಣದಲ್ಲಿ ಯಾವ ಶೂ? ಕಾಲು ಜಾರುತ್ತದೆ, ಹೆಬ್ಬೆರಳ ಬುಡ ನೋಯುತ್ತದೆ

ಥ್ರೋಬಾಲ್_ಜಯನಗರ

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನ ಮಹಿಳಾ ಥ್ರೋಬಾಲ್ ತಂಡದಲ್ಲಿ ಆಡುತ್ತೇನೆ. ಇಷ್ಟು ದಿನ ಅಪಾರ್ಟ್‌ಮೆಂಟಿನ ಸಿಮೆಂಟ್ ಅಂಕಣದಲ್ಲಿ ಅಭ್ಯಾಸ ನಡೆಯುತ್ತಿತ್ತು. ಈಗ ಹತ್ತಿರದ ಒಂದು ಬ್ಯಾಡ್ಮಿಂಟನ್ ಹಾಲ್ ಬಾಡಿಗೆಗೆ ಸಿಕ್ಕಿದೆ, ಮರದ ನೆಲ. ಅಲ್ಲಿ ವಾರಾಂತ್ಯದಲ್ಲಿ ವಾಲಿಬಾಲ್ ಕೂಡ ಶುರು ಮಾಡಿದ್ದೇವೆ. ಎತ್ತರ ಇದ್ದೇನೆ ಅಂತ ನನ್ನನ್ನು ಸ್ಮ್ಯಾಶ್ ಮಾಡಲು, ಬ್ಲಾಕ್ ಮಾಡಲು ನೆಟ್ ಹತ್ತಿರವೇ ನಿಲ್ಲಿಸುತ್ತಾರೆ.

ಸಮಸ್ಯೆ ಎರಡು. ಚೆಂಡು ಹಿಡಿಯಲು ಓಡಿ ನಿಲ್ಲುವಾಗ ಕಾಲು ಸರ್ರನೆ ಜಾರುತ್ತದೆ. ಇನ್ನೊಂದು, ವಾಲಿಬಾಲ್ ಆಡಿದ ಮರುದಿನ ಎಡಗಾಲಿನ ಹೆಬ್ಬೆರಳ ಬುಡದಲ್ಲಿ, ಪಾದದ ಅಡಿಗೆ ನೋವು. ಥ್ರೋಬಾಲ್ ಮಾತ್ರ ಆಡಿದ ದಿನ ಅಷ್ಟು ಇರುವುದಿಲ್ಲ. ಹಾಕುವುದು ರನ್ನಿಂಗ್ ಶೂ. ಒಳ್ಳೆಯದೇ, ಮೆತ್ತಗಿದೆ, ಹಳೆಯದೂ ಅಲ್ಲ. ಹಾಗಾದರೆ ಇನ್ನೂ ಜಾಸ್ತಿ ಕುಶನ್ ಇರುವ ಶೂ ತೆಗೆದುಕೊಳ್ಳಬೇಕಾ? ಎರಡೂ ಆಟಕ್ಕೆ ಒಂದೇ ಜೊತೆ ಸಾಕಾ?

ಸ್ಮ್ಯಾಷರ್_ಬಂಟ್ವಾಳ

ಅಕ್ಕಾ, ರನ್ನಿಂಗ್ ಶೂ ಮೊದಲು ಬಿಡಿ. ‘ನಾನ್ ಮಾರ್ಕಿಂಗ್’ ಅಂತ ಬರೆದಿರುವ ಶೂ ತೆಗೊಳ್ಳಿ, ಜಾರುವ ಮಾತೇ ಇಲ್ಲ. ಗ್ರಿಪ್ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು. ನಮ್ಮ ಕಡೆ ಹೊನಲು ಬೆಳಕಿನ ಪಂದ್ಯಾವಳಿಗೆ ಒಳಾಂಗಣದಲ್ಲಿ ಮ್ಯಾಟ್ ಹಾಕಿದರೆ ಹುಡುಗರು ಶೂವಿನ ಸೋಲಿಗೆ ಒಂಚೂರು ಕೋಲಾ ಒರೆಸಿಕೊಂಡು ಇಳಿಯುತ್ತಾರೆ. ನೆಲಕ್ಕೆ ಅಂಟಿ ನಿಲ್ಲುತ್ತದೆ. ಮಧ್ಯೆ ಮಧ್ಯೆ ಅಂಗೈಯಿಂದ ಸೋಲಿನ ಧೂಳು ಒರೆಸುತ್ತಿರಿ, ಅದೂ ಮುಖ್ಯ.

ಹಳೇ_ಲಿಫ್ಟರ್

ಧೂಳು ಒರೆಸುವ ಮಾತು ನೂರಕ್ಕೆ ನೂರು ಸರಿ. ಉಳಿದದ್ದರ ಬಗ್ಗೆ ಸ್ವಲ್ಪ ಹೇಳಬೇಕು. ಕಾಲೇಜು ತಂಡಗಳಿಗೆ ತರಬೇತಿ ಕೊಡುತ್ತೇನೆ, ಈ ಎರಡು ದೂರು ಪ್ರತಿ ವರ್ಷ ಹೊಸ ಮಕ್ಕಳಿಂದ ಬರುತ್ತವೆ.

ನಾನ್ ಮಾರ್ಕಿಂಗ್ ಅಂದರೆ ನೆಲಕ್ಕೆ ಕಪ್ಪು ಗೀರು ಬೀಳುವುದಿಲ್ಲ ಅಂತ ಅಷ್ಟೇ. ಹಿಡಿತದ ಬಗ್ಗೆ ಆ ಮಾತು ಏನೂ ಹೇಳುವುದಿಲ್ಲ. ಗಟ್ಟಿ ರಬ್ಬರಿನಲ್ಲೂ ನಾನ್ ಮಾರ್ಕಿಂಗ್ ಸೋಲ್ ಮಾಡುತ್ತಾರೆ, ಅದು ಮರದ ಮೇಲೆ ಚೆನ್ನಾಗಿಯೇ ಜಾರುತ್ತದೆ. ನಿಮಗೆ ಬೇಕಾದದ್ದು ಗಮ್ ರಬ್ಬರ್ ಸೋಲ್. ಸಾಮಾನ್ಯವಾಗಿ ಜೇನಿನ ಬಣ್ಣ, ಕಂದು ಬಣ್ಣ ಇರುತ್ತದೆ. ಈಗ ಬಿಳಿ, ನೀಲಿ ಬಣ್ಣದಲ್ಲೂ ಬರುತ್ತದೆ, ಹಾಗಾಗಿ ಬಣ್ಣ ನಂಬಬೇಡಿ. ಹೆಬ್ಬೆರಳಿನಿಂದ ಸೋಲನ್ನು ಒತ್ತಿ ಉಜ್ಜಿ ನೋಡಿ. ಬೆರಳು ತಡೆದು ತಡೆದು ಹೋಗಬೇಕು. ನುಣ್ಣಗೆ ಜಾರಿದರೆ ಅದು ಬೇಡ. ಉಗುರು ಒತ್ತಿದರೆ ಸಣ್ಣ ಗುರುತು ಬಿದ್ದು ನಿಧಾನಕ್ಕೆ ಹೋಗಬೇಕು. ಆಮೇಲೆ ಅಂಗಡಿಯ ಟೈಲ್ಸ್ ನೆಲವನ್ನು ಕೈಯಿಂದ ಒರೆಸಿ, ಶೂವಿನ ಮುಂಭಾಗವನ್ನು ಒತ್ತಿ ಹಿಡಿದು ಪಕ್ಕಕ್ಕೆ ತಳ್ಳಿ. ಹಳೇ ರನ್ನಿಂಗ್ ಶೂವನ್ನೂ ಹಾಗೇ ತಳ್ಳಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಕೋಲಾ ವಿಷಯ ಬಂತಲ್ಲ. ಸಕ್ಕರೆ ಅಂಟು ಇಡೀ ಹಾಲಿನ ಧೂಳನ್ನು ಎಳೆದುಕೊಳ್ಳುತ್ತದೆ. ಒಂದು ಸೆಟ್ ಮುಗಿಯುವಷ್ಟರಲ್ಲಿ ಸೋಲ್ ಮೊದಲಿಗಿಂತ ಜಾಸ್ತಿ ಜಾರುತ್ತದೆ. ನೆಲವೂ ಹಾಳು. ಅದಕ್ಕಿಂತ ದೊಡ್ಡ ವಿಷಯ, ಹಿಡಿತ ಮಿತಿ ಮೀರಿದರೆ ಕಾಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮೈ ಮಾತ್ರ ತಿರುಗುತ್ತದೆ. ಆ ತಿರುಚು ಮಂಡಿಗೆ ಬೀಳುತ್ತದೆ. ಸ್ಮ್ಯಾಶ್ ಮಾಡುವವರು ನೆಗೆಯುವ ಮೊದಲಿನ ಕೊನೆಯ ಹೆಜ್ಜೆಯಲ್ಲಿ ಪಾದವನ್ನು ಸ್ವಲ್ಪ ತಿರುಗಿಸಿಯೇ ಊರುತ್ತಾರೆ. ಅದಕ್ಕೇ ಒಳ್ಳೆಯ ಕೋರ್ಟ್ ಶೂಗಳ ಸೋಲಿನಲ್ಲಿ ಹೆಬ್ಬೆರಳ ಬುಡದ ಕೆಳಗೆ ದುಂಡನೆಯ ಗೆರೆಗಳಿರುತ್ತವೆ. ತಿರುಗಲು ಅಲ್ಲಿ ದಾರಿ ಬಿಟ್ಟಿರುತ್ತಾರೆ. ಹಿಡಿತ ಬೇಕು, ಬಿಡುಗಡೆಯೂ ಬೇಕು.

ಈಗ ಕುಶನ್ ಪ್ರಶ್ನೆ. ನಿಮ್ಮ ಶೂ ಒಳಗೆ ಒಂದು ಕೈ ಹಾಕಿ, ಹಿಮ್ಮಡಿ ಜಾಗದಲ್ಲಿ ಒಳಗಿನ ಬೆರಳು, ಹೊರಗಿನ ಬೆರಳು ಸೇರಿಸಿ ಚಿವುಟಿದ ಹಾಗೆ ಹಿಡಿಯಿರಿ. ಆಮೇಲೆ ಹೆಬ್ಬೆರಳ ಬುಡ ಬರುವ ಜಾಗದಲ್ಲಿ ಹಿಡಿಯಿರಿ. ದಪ್ಪ ಎಷ್ಟು ಕಮ್ಮಿ ಆಯಿತು ನೋಡಿ ಹೇಳಿ.

ಥ್ರೋಬಾಲ್_ಜಯನಗರ

ಸರ್, ಈಗಲೇ ನೋಡಿದೆ. ಹಿಂದೆ ಹೆಬ್ಬೆಟ್ಟಿನ ಅಗಲಕ್ಕಿಂತ ಜಾಸ್ತಿ ದಪ್ಪ ಇದೆ. ಮುಂದೆ ಅದರ ಅರ್ಧ ಇರಬಹುದು. ಒಳಗಿನ ಇನ್‌ಸೋಲ್ ತೆಗೆದರೆ ಅದರಲ್ಲೂ ಹೆಬ್ಬೆರಳ ಬುಡದ ಜಾಗ ತಗ್ಗಾಗಿ ಹೊಳೆಯುತ್ತಿದೆ.

ಹಳೇ_ಲಿಫ್ಟರ್

ನಿಮ್ಮ ನೋವಿಗೆ ಅಲ್ಲೇ ಅರ್ಧ ಉತ್ತರ ಇದೆ. ಓಟದಲ್ಲಿ ಬಹಳಷ್ಟು ಜನ ಹಿಮ್ಮಡಿ ಊರಿ ಮುಂದಕ್ಕೆ ಉರುಳುತ್ತಾರೆ. ಹಾಗಾಗಿ ಮಾಮೂಲಿ ರನ್ನಿಂಗ್ ಶೂಗಳಲ್ಲಿ ಹಿಂಭಾಗ ಮುಂಭಾಗಕ್ಕಿಂತ 8ರಿಂದ 10 ಮಿಲಿಮೀಟರ್ ಎತ್ತರ ಇರುವುದು ಸಾಮಾನ್ಯ. ನೆಗೆದು ಇಳಿಯುವಾಗ ಹಾಗಲ್ಲ. ಮೊದಲು ನೆಲ ಮುಟ್ಟುವುದು ಬೆರಳುಗಳ ಬುಡ, ಹಿಮ್ಮಡಿ ಆಮೇಲೆ. ಅಂದರೆ ನಿಮ್ಮ ಶೂವಿನಲ್ಲಿ ಮೆತ್ತೆ ಇರುವ ಜಾಗ ಒಂದು, ಪೆಟ್ಟು ಬೀಳುವ ಜಾಗ ಇನ್ನೊಂದು. ಇನ್ನೂ ಜಾಸ್ತಿ ಕುಶನ್ ಅಂತ ಇನ್ನೂ ದಪ್ಪ ರನ್ನಿಂಗ್ ಶೂ ತಂದರೂ ಇದೇ ಕಥೆ.

ಎಡಗಾಲೇ ಯಾಕೆ ಅಂತ ಕೇಳಬಹುದು. ನೀವು ಬಲಗೈಯಲ್ಲಿ ಹೊಡೆಯುವವರಾದರೆ ಕೊನೆಗೆ ಊರುವುದು ಎಡಗಾಲು. ಹೊಡೆದ ಮೇಲೆ ಮೈ ಎಡಕ್ಕೆ ವಾಲಿ ಇಳಿಯುವಾಗಲೂ ಎಷ್ಟೋ ಜನ ಎಡಗಾಲ ಮೇಲೊಂದೇ ಇಳಿಯುತ್ತಾರೆ. ಥ್ರೋಬಾಲ್‌ನಲ್ಲಿ ಕೆಲಸ ಬೇರೆ. ಎರಡೂ ಕೈಯಲ್ಲಿ ಹಿಡಿದು 3 ಸೆಕೆಂಡಿನೊಳಗೆ ಎಸೆಯಬೇಕು. ಹಾಗಾಗಿ ನುಗ್ಗುವುದು, ತಟ್ಟನೆ ನಿಲ್ಲುವುದು, ಪಕ್ಕಕ್ಕೆ ಸರಿಯುವುದು ಜಾಸ್ತಿ. ಅದಕ್ಕೆ ಥ್ರೋಬಾಲ್ ದಿನ ಜಾರುತ್ತೀರಿ, ವಾಲಿಬಾಲ್ ದಿನ ನೋಯುತ್ತೀರಿ.

ಪುಟ್ಟಿಯ_ಅಪ್ಪ

ಒಳ್ಳೆಯ ಚರ್ಚೆ. ನನ್ನ ಮಗಳು ಏಳನೇ ಕ್ಲಾಸು, ತಾಲ್ಲೂಕು ಮಟ್ಟದ ಥ್ರೋಬಾಲ್‌ಗೆ ಆಯ್ಕೆ ಆಗಿದ್ದಾಳೆ. ಶಾಲೆಯ ಮಣ್ಣಿನ ಮೈದಾನದಲ್ಲೇ ಅಭ್ಯಾಸ, ಪಂದ್ಯವೂ ಮಣ್ಣಿನಲ್ಲೇ. ಈ ಗಮ್ ಸೋಲ್ ಶೂ ಅವಳಿಗೆ ಕೊಡಿಸಲಾ? ಬೆಳೆಯುವ ವಯಸ್ಸು, ಒಂದು ಸೈಜ್ ದೊಡ್ಡದು ತಗೊಂಡರೆ ಎರಡು ವರ್ಷ ಬರುತ್ತದಲ್ವಾ?

ಶೂ_ಅಂಗಡಿ_ದಾವಣಗೆರೆ

ಸರ್, ಮಣ್ಣಿಗೆ ಗಮ್ ಸೋಲ್ ಬೇಡ. ಅದರ ಗೆರೆಗಳು ಆಳ ಇರುವುದಿಲ್ಲ, ಮಣ್ಣು ತುಂಬಿದ ಮೇಲೆ ಸಪಾಟು ಹಲಗೆ ಆಗುತ್ತದೆ. ಮೆತ್ತಗಿನ ರಬ್ಬರು ಕಲ್ಲು, ಸಿಮೆಂಟಿನ ಮೇಲೆ ಬೇಗ ಸವೆದು ಹೋಗುತ್ತದೆ. ಅವಳಿಗೆ ಸ್ವಲ್ಪ ಆಳವಾದ ಗೆರೆ ಇರುವ, ಸೋಲ್ ಗಟ್ಟಿ ಇರುವ ಮಾಮೂಲಿ ಸ್ಪೋರ್ಟ್ಸ್ ಶೂ ಸಾಕು. ಸೈಜ್ ಮಾತ್ರ ದೊಡ್ಡದು ಕೊಡಿಸಬೇಡಿ. ಹೆಬ್ಬೆರಳ ಮುಂದೆ ಅರ್ಧ ಹೆಬ್ಬೆಟ್ಟಿನಷ್ಟು ಜಾಗ ಇದ್ದರೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ನಿಂತಾಗ ಶೂ ನಿಲ್ಲುತ್ತದೆ, ಕಾಲು ಒಳಗೆ ಜಾರುತ್ತದೆ.

ಮೇಡಂ ಅವರಿಗೆ ಅಂಗಡಿ ಕಡೆಯಿಂದ ಎರಡು ಮಾತು. ಡಬ್ಬದ ಮೇಲೆ ತಯಾರಾದ ತಿಂಗಳು, ವರ್ಷ ಇರುತ್ತದೆ, ನೋಡಿಯೇ ತಗೊಳ್ಳಿ. ಮೂರು ನಾಲ್ಕು ವರ್ಷ ಗೋದಾಮಿನಲ್ಲಿ ಇದ್ದ ಶೂ ಹೊಸದಾಗಿ ಕಂಡರೂ ರಬ್ಬರು ಗಟ್ಟಿ ಆಗಿರುತ್ತದೆ, ಗೋಂದು ಸಡಿಲ ಆಗಿರುತ್ತದೆ. ಸೋಲಿನ ಮೇಲೆ ಗಾಜಿನ ಹಾಗೆ ಹೊಳಪು ಬಂದಿದ್ದರೆ ರಿಯಾಯಿತಿ ಎಷ್ಟೇ ಇದ್ದರೂ ಬೇಡ. ಅರ್ಧ ಬೆಲೆ ಅಂತ ಆನ್‌ಲೈನ್‌ನಲ್ಲಿ ಬರುವುದರಲ್ಲಿ ಇಂಥವು ಸೇರಿರುತ್ತವೆ. ಎರಡನೆಯದು, ಸಂಜೆ ಹೊತ್ತು ಬನ್ನಿ, ಆಡುವಾಗ ಹಾಕುವ ಸಾಕ್ಸ್ ತನ್ನಿ. ದಿನವಿಡೀ ನಿಂತು ನಡೆದ ಮೇಲೆ ಪಾದ ಸ್ವಲ್ಪ ಹಿಗ್ಗಿರುತ್ತದೆ, ಆಡುವಾಗಲೂ ಅಷ್ಟೇ ಇರುತ್ತದೆ.

ಸ್ಮ್ಯಾಷರ್_ಬಂಟ್ವಾಳ

ಕರಾವಳಿಯವರು ಅಂಗಡಿ ಅಣ್ಣನ ಮಾತು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಿ. ಮಳೆಗಾಲದಲ್ಲಿ ಆಟ ಇಲ್ಲ ಅಂತ ಶೂ ಅಟ್ಟಕ್ಕೆ ಹಾಕಿದ್ದೆ. ತೆಗೆದಾಗ ಹೊರಗೆ ಲಕಲಕ, ಎರಡನೇ ನೆಗೆತಕ್ಕೆ ಸೋಲಿನ ಮಧ್ಯದ ಪದರ ಬಿಸ್ಕೆಟಿನಂತೆ ಪುಡಿ ಪುಡಿ. ಹಾಕದೇ ಇಟ್ಟರೆ ಶೂ ಉಳಿಯುತ್ತದೆ ಅನ್ನುವುದು ನಮ್ಮೂರಲ್ಲಿ ನಡೆಯುವುದಿಲ್ಲ.

ಆದರೆ ಲಿಫ್ಟರ್ ಸರ್, ಒಂದು ಕೇಳಬೇಕು. ನಮ್ಮ ತಂಡದಲ್ಲಿ ಬಹಳ ಜನ ಬ್ಯಾಡ್ಮಿಂಟನ್ ಶೂ ಹಾಕಿಯೇ ವಾಲಿಬಾಲ್ ಆಡುತ್ತಾರೆ. ವಾಲಿಬಾಲ್ ಶೂ ಅಂತಲೇ ಹುಡುಕಿದರೆ ಸಣ್ಣ ಊರಲ್ಲಿ ಸಿಗುವುದೇ ಇಲ್ಲ. ಸಿಕ್ಕರೂ ಅಸಿಕ್ಸ್, ಮಿಜುನೊ ಬೆಲೆ ಕೇಳಿ ವಾಪಸ್ ಬರಬೇಕು. ಬ್ಯಾಡ್ಮಿಂಟನ್ ಶೂ ತಪ್ಪಾ?

ಹಳೇ_ಲಿಫ್ಟರ್

ತಪ್ಪಲ್ಲ. ಗಮ್ ಸೋಲ್, ನೆಲಕ್ಕೆ ಹತ್ತಿರ, ಪಕ್ಕದ ಗೋಡೆ ಗಟ್ಟಿ. ಯೋನೆಕ್ಸ್‌ನ ಸಾಮಾನ್ಯ ಮಾದರಿಗಳು, ನಿವಿಯಾದಂಥ ನಮ್ಮ ದೇಶದ ಕಂಪನಿಗಳ ಕೋರ್ಟ್ ಶೂಗಳು ಸಣ್ಣ ಊರಲ್ಲೂ ಸಿಗುತ್ತವೆ. ಲಿಫ್ಟ್ ಮಾಡುವವರು, ಹಿಂದೆ ನಿಂತು ಚೆಂಡು ಎತ್ತುವವರು, ಥ್ರೋಬಾಲ್ ಆಡುವವರು ಇದರಲ್ಲಿ ಧೈರ್ಯವಾಗಿ ಆಡಬಹುದು.

ವ್ಯತ್ಯಾಸ ಬರುವುದು ನೆಟ್ ಹತ್ತಿರ ಮತ್ತೆ ಮತ್ತೆ ನೆಗೆಯುವವರಿಗೆ. ಬ್ಯಾಡ್ಮಿಂಟನ್‌ನಲ್ಲಿ ಮುಂದಕ್ಕೆ ಚಾಚಿ ಹಿಮ್ಮಡಿ ಊರುವುದು ಜಾಸ್ತಿ, ಹಾಗಾಗಿ ಹಿಮ್ಮಡಿಯ ಅಂಚನ್ನು ದುಂಡಗೆ ಮಾಡಿರುತ್ತಾರೆ. ಮುಂದಿನ ಮೆತ್ತೆ ಕೆಲವು ಮಾದರಿಯಲ್ಲಿ ಚೆನ್ನಾಗಿರುತ್ತದೆ, ಅಗ್ಗದ ಮಾದರಿಗಳಲ್ಲಿ ತೀರಾ ತೆಳು. ಹೆಸರು ನೋಡಬೇಡಿ, ಚಿವುಟಿ ನೋಡುವ ಪರೀಕ್ಷೆ ಮಾಡಿ. ಆಮೇಲೆ ಇನ್ನೆರಡು. ಶೂವಿನ ಎರಡೂ ತುದಿ ಹಿಡಿದು ಬಗ್ಗಿಸಿದರೆ ಬೆರಳುಗಳು ಮಡಚುವ ಜಾಗದಲ್ಲೇ ಬಗ್ಗಬೇಕು, ನಡುವೆ ಬಗ್ಗಬಾರದು. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ನಡು ಭಾಗ ಸುಲಭವಾಗಿ ತಿರುಚಬಾರದು.

ಹಾಗಂತ ಮುಂದೆ ದಿಂಬಿನ ಹಾಗೆ ಮೆತ್ತಗಿರುವುದೂ ಬೇಡ. ತೀರಾ ಮೆತ್ತಗಿದ್ದರೆ ನೆಗೆಯಲು ಒತ್ತಿದಾಗ ಆ ಒತ್ತು ಫೋಮಿನಲ್ಲೇ ಮುಳುಗುತ್ತದೆ. ಪಕ್ಕಕ್ಕೆ ಸರಿದಾಗ ಶೂ ವಾಲುತ್ತದೆ, ಕಾಲು ಉಳುಕುತ್ತದೆ. ನಿಮ್ಮ ದಪ್ಪ ರನ್ನಿಂಗ್ ಶೂವಿನ ದೊಡ್ಡ ಅಪಾಯ ಇದೇ. ಜಾರುವುದಕ್ಕಿಂತ ಇದಕ್ಕೆ ನಾನು ಜಾಸ್ತಿ ಹೆದರುತ್ತೇನೆ.

ಫಿಸಿಯೋ_ಮೈಸೂರು

ಶೂ ವಿಷಯ ಸರಿಯಾಗಿ ಬಂದಿದೆ. ನೋವಿನ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಎಲ್ಲ ನೋವೂ ಶೂ ಬದಲಿಸಿದರೆ ಹೋಗುವುದಿಲ್ಲ.

ಹೆಬ್ಬೆರಳ ಬುಡದ ಅಡಿಯಲ್ಲಿ ಬಟಾಣಿಯಂಥ ಎರಡು ಚಿಕ್ಕ ಮೂಳೆಗಳಿವೆ. ಮತ್ತೆ ಮತ್ತೆ ನೆಗೆದರೆ ಅಲ್ಲಿ ಉರಿಯೂತ ಆಗಬಹುದು. ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ ಬಗ್ಗಿಸಿ, ಅಡಿಯಲ್ಲಿ ಒತ್ತಿ ನೋಡಿ. ನೋವು ಒಂದೇ ಚುಕ್ಕೆಯಲ್ಲಿ ಚುಚ್ಚಿದ ಹಾಗಿದೆಯಾ, ಊತ ಇದೆಯಾ, ಬೆಳಿಗ್ಗೆ ಬರಿಗಾಲಲ್ಲಿ ಅಡುಗೆಮನೆಗೆ ನಡೆಯುವಾಗಲೂ ಇದೆಯಾ? ಇದ್ದರೆ ಕೆಲವು ವಾರ ನೆಗೆತ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಪಾದದ ಮೇಲ್ಭಾಗದಲ್ಲಿ ಮೂಳೆಯ ಮೇಲೆ ಒಂದೇ ಚುಕ್ಕೆಯಲ್ಲಿ ನೋವಿದ್ದರೆ ಇನ್ನೂ ಹುಷಾರು. ಅದು ಮೂಳೆಯ ಕೂದಲೆಳೆ ಬಿರುಕು ಇರಬಹುದು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಎಕ್ಸ್‌ರೇ ಸರಿ ಇದೆ ಅಂತ ವಾಪಸ್ ಆಡಲು ಹೋಗಬೇಡಿ, ನೋವೇ ಹೇಳುತ್ತದೆ.

ಅಂಗೈಯಗಲ ಮಂದ ನೋವು, ಒಂದು ದಿನ ಇದ್ದು ಹೋಗುತ್ತದೆ ಅಂದರೆ ಶೂ, ನೆಲ, ನೆಗೆತದ ಲೆಕ್ಕ ಸರಿಮಾಡಿ ನೋಡಬಹುದು.

ಥ್ರೋಬಾಲ್_ಜಯನಗರ

ಊತ ಇಲ್ಲ ಡಾಕ್ಟ್ರೇ. ಮಂದ ನೋವು, ಮರುದಿನ ಸಂಜೆಗೆ ಹೋಗುತ್ತದೆ. ಬೆಳಿಗ್ಗೆ ಬರಿಗಾಲಲ್ಲಿ ಏನೂ ಅನ್ನಿಸುವುದಿಲ್ಲ. ಗೆಳತಿಯೊಬ್ಬಳು ಮೆಡಿಕಲ್ ಶಾಪಿನಲ್ಲಿ ಸಿಗುವ ಜೆಲ್ ಪ್ಯಾಡ್ ತಂದು ನೋವಿರುವ ಜಾಗದ ಕೆಳಗೆ ಇಟ್ಟುಕೋ ಅಂದಳು. ಇಟ್ಟರೆ ಜಾಸ್ತಿ ಆಯಿತು.

ಫಿಸಿಯೋ_ಮೈಸೂರು

ಜಾಸ್ತಿ ಆಗುವುದೇ ಸಹಜ. ನೋಯುವ ಜಾಗದ ಕೆಳಗೇ ಪ್ಯಾಡ್ ಇಟ್ಟರೆ ಆ ಜಾಗ ಇನ್ನೂ ಉಬ್ಬಿ ಒತ್ತು ಅಲ್ಲೇ ಸೇರುತ್ತದೆ. ಇಂಥ ಪ್ಯಾಡ್ ಹೋಗಬೇಕಾದದ್ದು ನೋವಿನ ಜಾಗದ ಹಿಂದೆ, ಹಿಮ್ಮಡಿ ಕಡೆಗೆ. ಜಾಗ ಹುಡುಕಲು ನಾನು ಹೇಳಿಕೊಡುವ ಉಪಾಯ ಇದು. ಒದ್ದೆ ಕುಂಕುಮವನ್ನು ನೋಯುವ ಜಾಗಕ್ಕೆ ಹಚ್ಚಿ, ಇನ್‌ಸೋಲನ್ನು ಶೂ ಒಳಗಿಟ್ಟು ಬರಿಗಾಲಲ್ಲಿ ಒಮ್ಮೆ ನಿಲ್ಲಿ. ಇನ್‌ಸೋಲಿನ ಮೇಲೆ ಗುರುತು ಬೀಳುತ್ತದೆ. ಪ್ಯಾಡಿನ ಮುಂದಿನ ಅಂಚು ಆ ಗುರುತಿನ ಹಿಂದೆ ಬರಬೇಕು, ಅದರ ಮೇಲೆ ಬರಬಾರದು. ನಿಮ್ಮದು ಹೆಬ್ಬೆರಳ ಬುಡವೇ ಆದ್ದರಿಂದ ಆ ಗುರುತಿನ ಜಾಗ ಖಾಲಿ ಬಿಟ್ಟು ಸುತ್ತ ಕತ್ತರಿಸಿದ ಫೆಲ್ಟ್ ಪ್ಯಾಡ್ ಇನ್ನೂ ಒಳ್ಳೆಯದು. ಮೊದಲು ಮನೆಯಲ್ಲಿ ನಡೆದು ನೋಡಿ, ಆಮೇಲೆ ಅಂಕಣಕ್ಕೆ ಹೋಗಿ.

ಪುಟ್ಟಿಯ_ಅಪ್ಪ

ಕಾಲು ಉಳುಕುವ ಮಾತು ಬಂತು. ಹಾಗಾದರೆ ಆ್ಯಂಕಲ್ ಮುಚ್ಚುವ ಎತ್ತರದ ಶೂ ಕೊಡಿಸಿದರೆ ಉಳುಕು ತಪ್ಪುತ್ತದಾ?

ಹಳೇ_ಲಿಫ್ಟರ್

ಇದರಲ್ಲಿ ತರಬೇತಿ ಕೊಡುವವರ ನಡುವೆಯೇ ಒಮ್ಮತ ಇಲ್ಲ. ನಾನು ಕಂಡಂತೆ ವಾಲಿಬಾಲ್‌ನಲ್ಲಿ ಉಳುಕು ಆಗುವುದು ಹೆಚ್ಚಾಗಿ ನೆಟ್ ಕೆಳಗೆ. ನಡುಗೆರೆಯನ್ನು ಪಾದದ ಒಂದು ಭಾಗ ಮುಟ್ಟಿಕೊಂಡಿದ್ದರೆ ಸಾಕು, ಉಳಿದದ್ದು ಆಚೆ ಹೋದರೂ ನಿಯಮದ ಪ್ರಕಾರ ತಪ್ಪಿಲ್ಲ. ಹಾಗಾಗಿ ಬ್ಲಾಕ್ ಮಾಡಿ ಇಳಿಯುವವರ ಕಾಲು ಎದುರಾಳಿಯ ಪಾದದ ಮೇಲೆ ಬೀಳುತ್ತದೆ. ಹಾಗೆ ಬಿದ್ದರೆ ಶೂ ಎತ್ತರ ಇದ್ದರೂ ಅಷ್ಟೇ. ಥ್ರೋಬಾಲ್‌ನಲ್ಲಿ ನೆಟ್‌ನ ಎರಡೂ ಕಡೆ 0.9 ಮೀಟರ್ ಯಾರೂ ಕಾಲಿಡದ ಜಾಗ ಇರುವುದರಿಂದ ಈ ಭಯ ಕಮ್ಮಿ. ಒಮ್ಮೆ ಉಳುಕಿದವರು ಆ್ಯಂಕಲ್ ಬ್ರೇಸ್ ಹಾಕಿ ಆಡುವುದು ಎತ್ತರದ ಶೂಗಿಂತ ನಂಬಿಕೆಯ ದಾರಿ.

ಫಿಸಿಯೋ_ಮೈಸೂರು

ಬ್ರೇಸ್ ಬಗ್ಗೆ ಒಪ್ಪುತ್ತೇನೆ. ಎತ್ತರದ ಶೂ ಹಾಕಿದರೆ ಕೆಲವರಿಗೆ ಕಾಲಿನ ಹಿಡಿತ ತಿಳಿಯುತ್ತದೆ, ಅದರಿಂದಲೇ ಹುಷಾರಾಗಿ ಆಡುತ್ತಾರೆ. ಪೂರ್ತಿ ತಳ್ಳಿ ಹಾಕಲು ನನಗೆ ಮನಸ್ಸಿಲ್ಲ.

ಥ್ರೋಬಾಲ್_ಜಯನಗರ

ಶೂ ಬಂತು, ಅದಕ್ಕೆ ಮತ್ತೆ ಬರೆಯುತ್ತಿದ್ದೇನೆ. ಸಂಜೆ ಹೋಗಿ, ಆಡುವ ಸಾಕ್ಸ್ ಹಾಕಿಯೇ ನೋಡಿದೆ. ಅಂಗಡಿಯವರು ಮೊದಲು ತೋರಿಸಿದ ಜೊತೆ ನಾನ್ ಮಾರ್ಕಿಂಗ್, ನೋಡಲು ಬಹಳ ಚೆಂದ. ಹೆಬ್ಬೆರಳು ಉಜ್ಜಿದರೆ ಗಾಜಿನ ಮೇಲೆ ಉಜ್ಜಿದ ಹಾಗೆ. ಡಬ್ಬ ನೋಡಿದರೆ ನಾಲ್ಕು ವರ್ಷ ಹಳೆಯದು. ಅದನ್ನು ಬಿಟ್ಟೆ. ಇನ್ನೊಂದು ಬ್ಯಾಡ್ಮಿಂಟನ್ ಶೂ, ಹಿಡಿತ ಚೆನ್ನಾಗಿತ್ತು, ಮುಂದೆ ಚಿವುಟಿದರೆ ಬೆರಳಿಗೆ ಬೆರಳು ಸಿಗುವಷ್ಟು ತೆಳು. ಕೊನೆಗೆ ವಾಲಿಬಾಲ್ ಶೂಗಳಲ್ಲೇ ಕಡಿಮೆ ಬೆಲೆಯ ಒಂದು ಮಾದರಿ ತೆಗೆದುಕೊಂಡೆ. ಗಮ್ ಸೋಲ್, ಮುಂದೆ ಹಿಂದೆ ದಪ್ಪದಲ್ಲಿ ಅಂಥ ವ್ಯತ್ಯಾಸ ಇಲ್ಲ.

ಮರದ ನೆಲದಲ್ಲಿ ನಿಂತಾಗ ಕಿರ್ ಅಂತ ಸದ್ದು ಬರುತ್ತದೆ, ಜಾರುವುದು ನಿಂತಿದೆ. ಆದರೆ ಹೊಸ ತೊಂದರೆ. ಶೂ ನಿಲ್ಲುತ್ತದೆ, ಕಾಲು ಒಳಗೆ ಮುಂದಕ್ಕೆ ಹೋಗಿ ಹೆಬ್ಬೆರಳ ಉಗುರು ತಾಗುತ್ತದೆ. ಸೈಜ್ ಸರಿಯಾಗಿಯೇ ಇದೆ. ಏನು ಮಾಡಲಿ?

ಶೂ_ಅಂಗಡಿ_ದಾವಣಗೆರೆ

ಲೇಸ್ ಕಟ್ಟುವುದರಲ್ಲಿ ಇದೆ ಮೇಡಂ. ಎಲ್ಲಕ್ಕಿಂತ ಮೇಲೆ ಒಂದು ತೂತು ಜಾಸ್ತಿ ಇರುತ್ತದಲ್ಲ, ಅದನ್ನು ಎಲ್ಲರೂ ಖಾಲಿ ಬಿಡುತ್ತಾರೆ. ಲೇಸನ್ನು ಅದೇ ಬದಿಯ ಆ ತೂತಿಗೆ ಒಳಕ್ಕೆ ಹಾಕಿ ಸಣ್ಣ ಕುಣಿಕೆ ಬಿಡಿ. ಎರಡೂ ಬದಿ ಹಾಗೆ ಮಾಡಿ, ಒಂದು ಬದಿಯ ಲೇಸನ್ನು ಇನ್ನೊಂದು ಬದಿಯ ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಎಳೆದು ಕಟ್ಟಿ. ಕಟ್ಟುವ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿಕೊಳ್ಳಿ. ಬೆರಳ ಕಡೆ ಸಡಿಲ, ಆ್ಯಂಕಲ್ ಕಡೆ ಬಿಗಿ ಇರಲಿ. ಉಗುರು ಚಿಕ್ಕದಾಗಿ ಕತ್ತರಿಸಿ.

ಹಳೇ_ಲಿಫ್ಟರ್

ಆ ಶೂವನ್ನು ರಸ್ತೆಯಲ್ಲಿ ಹಾಕಿಕೊಂಡು ಹಾಲಿಗೆ ಬರಬೇಡಿ. ಚೀಲದಲ್ಲಿ ತಂದು ಅಲ್ಲೇ ಹಾಕಿ. ಅಂಕಣದ ಪಕ್ಕ ನೀರಲ್ಲಿ ನೆನೆಸಿ ಚೆನ್ನಾಗಿ ಹಿಂಡಿದ ಬಟ್ಟೆ ಇಡಿ, ಇಳಿಯುವ ಮೊದಲು ಅದರ ಮೇಲೆ ಕಾಲೊರೆಸಿ. ನೀರು ತೊಟ್ಟಿಕ್ಕುವ ಬಟ್ಟೆ ಇಟ್ಟರೆ ಅದೇ ಜಾರಿಸುತ್ತದೆ. ಸೋಲನ್ನು ವಾರಕ್ಕೊಮ್ಮೆ ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆದು ನೆರಳಲ್ಲಿ ಒಣಗಿಸಿ. ಪೆಟ್ರೋಲ್, ಥಿನ್ನರ್ ಮುಟ್ಟಿಸಬೇಡಿ. ವಾಷಿಂಗ್ ಮೆಷಿನ್ನಿಗೂ ಬೇಡ, ಬಿಸಿಲಿಗೂ ಬೇಡ.

ಇನ್ನೊಂದು, ಹೊಸ ಶೂ ಬಂತು ಅಂತ ನೆಗೆತ ಜಾಸ್ತಿ ಮಾಡಬೇಡಿ. ಒಂದೆರಡು ವಾರ ಸ್ಮ್ಯಾಶ್ ಅಭ್ಯಾಸ ಅರ್ಧಕ್ಕೆ ಇಳಿಸಿ, ಎರಡೂ ಕಾಲ ಮೇಲೆ, ಮಂಡಿ ಬಗ್ಗಿಸಿ ಇಳಿಯುವುದನ್ನು ರೂಢಿ ಮಾಡಿ. ಧಡ್ ಅನ್ನುವ ಸದ್ದು ಕಮ್ಮಿ ಆದರೆ ಸರಿಯಾಗಿ ಇಳಿಯುತ್ತಿದ್ದೀರಿ ಅಂತ ಅರ್ಥ.

ಥ್ರೋಬಾಲ್_ಜಯನಗರ

ಕುಣಿಕೆ ಹಾಕಿ ಕಟ್ಟಿದೆ, ಉಗುರು ತಾಗುವುದು ನಿಂತಿತು. ವಾಲಿಬಾಲ್ ಮರುದಿನದ ನೋವು ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ. ಫೆಲ್ಟ್ ಪ್ಯಾಡ್ ಕತ್ತರಿಸಿ ಇಟ್ಟಿದ್ದೇನೆ. ತಿಂಗಳು ಕಳೆದರೂ ಉಳಿದರೆ ತೋರಿಸಿಕೊಳ್ಳುತ್ತೇನೆ.

ಒಂದು ಪ್ರಶ್ನೆ ಉಳಿದಿದೆ. ನಮ್ಮ ಆಫೀಸ್ ಟೂರ್ನಮೆಂಟಿನ ಲೀಗ್ ಪಂದ್ಯಗಳು ಸಿಮೆಂಟಿನಲ್ಲಿ, ಫೈನಲ್ ಮಾತ್ರ ಒಳಾಂಗಣದಲ್ಲಿ. ಸಿಮೆಂಟಿಗೆ ಹಳೇ ರನ್ನಿಂಗ್ ಶೂ ಹಾಕಲಾ, ಆ್ಯಂಕಲ್ ಭಯ ಇದೆಯಲ್ಲ?

ಸ್ಮ್ಯಾಷರ್_ಬಂಟ್ವಾಳ

ನಾನಾದರೆ ಹೊಸದನ್ನೇ ಹಾಕುತ್ತೇನೆ ಅಕ್ಕಾ. ಸೋಲ್ ಸವೆದರೆ ಸವೆಯಲಿ, ಕಾಲು ಉಳಿಯಬೇಕು.

ಶೂ_ಅಂಗಡಿ_ದಾವಣಗೆರೆ

ಸಿಮೆಂಟಿನಲ್ಲಿ ಒಂದು ಲೀಗ್ ಆಡಿದರೆ ಗೆರೆ ಸವೆದು ಫೈನಲ್ ದಿನ ಮತ್ತೆ ಜಾರುತ್ತೀರಿ. ಸಿಮೆಂಟಿಗೆ ಟೆನಿಸ್ ಶೂ ನೋಡಿ ಮೇಡಂ. ರಬ್ಬರು ಗಟ್ಟಿ, ಪಕ್ಕದ ಗೋಡೆಯೂ ಗಟ್ಟಿ, ಪಕ್ಕಕ್ಕೆ ಓಡಲೆಂದೇ ಮಾಡಿದ್ದು. ತೂಕ ಸ್ವಲ್ಪ ಜಾಸ್ತಿ. ಯಾರ ಹತ್ತಿರವಾದರೂ ನಿಮ್ಮ ಸೈಜಿನದು ಇದ್ದರೆ ಒಂದು ಪಂದ್ಯಕ್ಕೆ ಹಾಕಿ ನೋಡಿ, ಆಮೇಲೆ ಕೊಳ್ಳಿ.